ಎಡಮಗ್ಗುಲಿಗೆ ಕಟ್ಟುಬಿದ್ದ ರಾತ್ರಿಗಳು: ಶಂಕರಪುರದ ಗರ್ಭಿಣಿಯೊಬ್ಬರ ಪ್ರಕರಣ

ಉಡುಪಿಯಲ್ಲಿ ಫಿಸಿಯೋಥೆರಪಿ ಮಾಡುವ ನನ್ನ ಬಳಿಗೆ ಏಪ್ರಿಲ್ ತಿಂಗಳಲ್ಲಿ ಬಂದ ಒಬ್ಬ ತಾಯಿಯ ಪ್ರಕರಣವಿದು. ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಬರೆಯುತ್ತಿದ್ದೇನೆ. ವಯಸ್ಸು 27. ಎರಡನೆಯ ಬಸಿರು, 31ನೆಯ ವಾರ. ಮನೆ ಶಂಕರಪುರದ ಬಳಿ. ಮನೆಯ ಹಿತ್ತಲಿನಲ್ಲಿಯೇ ಮಲ್ಲಿಗೆ ಗಿಡಗಳಿವೆ, ಅತ್ತೆ ಮತ್ತು ಸೊಸೆ ಸೇರಿ ಹೂ ಕೊಯ್ದು ಕಟ್ಟಿ ಹೂವಿನ ವ್ಯಾಪಾರದ ಕಟ್ಟೆಗೆ ಕೊಡುತ್ತಾರೆ. ಬೇಸಗೆಯಲ್ಲಿ ಹೂವಿನ ಇಳುವರಿ ಹೆಚ್ಚು, ಆದ್ದರಿಂದ ಕುಳಿತು ಕಟ್ಟುವ ಹೊತ್ತೂ ಹೆಚ್ಚು. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆಳಗ್ಗೆ ಆರರಿಂದ ಹತ್ತರವರೆಗೆ ಮಣೆಯ ಮೇಲೆ ಕುಳಿತು ಅವರೊಬ್ಬರೇ ಸುಮಾರು ಒಂದು ಅಟ್ಟೆ ಕಟ್ಟುತ್ತಿದ್ದರು.

ಅವರು ಹೇಳಿದ ತೊಂದರೆಗಳು ಮೂರು. ಬಲಗಡೆ ಸೊಂಟದ ಹಿಂಭಾಗದಲ್ಲಿ ಮಗ್ಗುಲು ಬದಲಿಸುವಾಗ ಉಸಿರು ಹಿಡಿಯುವಂಥ ನೋವು. ವಾರದಲ್ಲಿ ನಾಲ್ಕೈದು ರಾತ್ರಿ, ಮೂರು ಗಂಟೆಯ ಹೊತ್ತಿಗೆ ಎಡಗಾಲಿನ ಮೀನಖಂಡದಲ್ಲಿ ನರ ಹಿಡಿದುಕೊಳ್ಳುವುದು. ಮೂರನೆಯದು ನಿದ್ದೆಯೇ ಇಲ್ಲದಿರುವುದು. ಮೊದಲ ಎರಡರಿಂದಾಗಿ ಮೂರನೆಯದು ಎಂದು ಅವರು ಅಂದುಕೊಂಡಿದ್ದರು. ನಾನೂ ಮೊದಲ ಹತ್ತು ನಿಮಿಷ ಹಾಗೆಯೇ ಅಂದುಕೊಂಡಿದ್ದೆ.

"ರಾತ್ರಿ ಹೇಗೆ ಮಲಗುತ್ತೀರಿ?" ಎಂದು ಕೇಳಿದೆ.

"ಎಡಕ್ಕೆ, ಮೇಡಂ. ಎಡಕ್ಕೆ ಮಾತ್ರ."

"ಹೊರಳುವುದೇ ಇಲ್ಲವೇ?"

"ಹೊರಳಬೇಕೆಂದರೆ ಎದ್ದು ಕುಳಿತು, ಆಮೇಲೆ ಆ ಕಡೆ ಮಲಗಬೇಕಲ್ಲ. ಇಲ್ಲದಿದ್ದರೆ ಮಗುವಿಗೆ ಬಳ್ಳಿ ಸುತ್ತಿಕೊಳ್ಳುತ್ತದೆ ಎಂದು ಅತ್ತೆ ಹೇಳಿದ್ದಾರೆ."

ಈ ಉತ್ತರದಲ್ಲಿ ಎರಡು ಕಟ್ಟುಪಾಡುಗಳಿದ್ದವು. ಎಡಕ್ಕೆ ಮಾತ್ರ ಮಲಗಬೇಕು ಎಂಬುದು ಮೊಬೈಲಿಗೆ ಬಂದ ಒಂದು ಸಂದೇಶದಿಂದ ಬಂದಿತ್ತು. ಎದ್ದು ಕುಳಿತೇ ಹೊರಳಬೇಕು ಎಂಬುದು ಮನೆಯಿಂದ ಬಂದಿತ್ತು. ಎರಡನ್ನೂ ಅವರು ಶ್ರದ್ಧೆಯಿಂದ ಪಾಲಿಸುತ್ತಿದ್ದರು. ಎಡ ಸೊಂಟ ಉರಿಯತೊಡಗಿದಾಗ ಏಳುವುದು, ಕುಳಿತುಕೊಳ್ಳುವುದು, ಬಲಕ್ಕೆ ಐದು ನಿಮಿಷ ಮಲಗುವುದು, ಮಗುವಿಗೆ ಏನಾದರೂ ಆದೀತೆಂಬ ಹೆದರಿಕೆ ಹುಟ್ಟಿ ಮತ್ತೆ ಎದ್ದು ಎಡಕ್ಕೆ ಮಲಗುವುದು. ಸೆಕೆಗೆಂದು ಮಂಚ ಬಿಟ್ಟು ಕೆಂಪು ನೆಲದ ಮೇಲೆ ಬರಿಯ ಚಾಪೆ ಹಾಸಿಕೊಂಡಿದ್ದರು. ಒಂದು ರಾತ್ರಿಯ ಲೆಕ್ಕ ಹೇಳಿ ಎಂದಾಗ ಬೆರಳು ಮಡಚಿ ಎಣಿಸಿದರು. ಮೂತ್ರಕ್ಕೆ ಎದ್ದದ್ದು ಬಿಟ್ಟು, ಬರಿಯ ಹೊರಳುವಿಕೆಗಾಗಿಯೇ ಏಳು ಸಲ ನೆಲದಿಂದ ಎದ್ದಿದ್ದರು.

ಪರೀಕ್ಷೆಯಲ್ಲಿ ಕಂಡದ್ದು

ಬಸುರಿಯ ಬೆನ್ನುನೋವು ಎಂದು ನಾವು ಒಂದೇ ಹೆಸರಿನಿಂದ ಕರೆಯುವುದು ನಿಜವಾಗಿ ಎರಡು ಬಗೆ. ಒಂದು ನಡುಬೆನ್ನಿನ ಕೆಳಗೆ, ಸೀರೆಯ ನೆರಿಗೆ ಕಟ್ಟುವ ಮಟ್ಟದಲ್ಲಿ ಬರುವ ನೋವು. ಬಗ್ಗಿದರೆ, ಹೆಚ್ಚು ಹೊತ್ತು ಕುಳಿತರೆ ಅದು ಹೆಚ್ಚುತ್ತದೆ. ಇನ್ನೊಂದು ಅದಕ್ಕಿಂತ ಕೆಳಗೆ, ಬೆನ್ನಿನ ಬುಡದಲ್ಲಿ ಎರಡು ಕುಳಿಗಳು ಕಾಣುತ್ತವಲ್ಲ, ಅಲ್ಲಿ ಬರುವ ನೋವು. ತ್ರಿಕಾಸ್ಥಿಯು ಸೊಂಟದ ಮೂಳೆಗೆ ಸೇರುವ ಕೀಲು ಇರುವುದು ಅಲ್ಲಿ. ಒಂದೇ ಕಾಲಿನ ಮೇಲೆ ಭಾರ ಬಿದ್ದಾಗ ಇದು ಕೆರಳುತ್ತದೆ: ಮೆಟ್ಟಿಲು ಹತ್ತುವಾಗ, ರಿಕ್ಷಾದಿಂದ ಇಳಿಯುವಾಗ, ನಿಂತು ಒಳಲಂಗ ಹಾಕಿಕೊಳ್ಳುವಾಗ, ಹಾಸಿಗೆಯಲ್ಲಿ ಹೊರಳುವಾಗ. ಇವರು ಒಂದು ಬೆರಳಿನಿಂದ ತೋರಿಸಿದ್ದು ಬಲಗಡೆಯ ಕುಳಿಯನ್ನೇ.

ಖಚಿತಪಡಿಸಿಕೊಳ್ಳಲು ಎರಡು ಪರೀಕ್ಷೆ ಮಾಡಿದೆ. ಬಲ ಸೊಂಟದ ಕೆಳಗೆ ದಿಂಬು ಕೊಟ್ಟು ಸ್ವಲ್ಪ ಹೊತ್ತು ಅಂಗಾತ ಮಲಗಿಸಿ, ಮೊಣಕಾಲು ಮಡಚಿ ತೊಡೆಯನ್ನು ನೆಟ್ಟಗೆ ನಿಲ್ಲಿಸಿ, ಮೊಣಕಾಲಿನ ಮೇಲಿನಿಂದ ತೊಡೆಯ ಮೂಳೆಯುದ್ದಕ್ಕೂ ಮೆಲ್ಲಗೆ ಒತ್ತಿದೆ. ಬಲಗಡೆ ಒತ್ತಿದಾಗ ಅದೇ ಕುಳಿಯಲ್ಲಿ ಅದೇ ನೋವು ಬಂತು, ಎಡಗಡೆ ಬರಲಿಲ್ಲ. ಎರಡನೆಯದಾಗಿ ಕಾಲನ್ನು ನೇರವಾಗಿಟ್ಟು ಒಂದು ಗೇಣಿನಷ್ಟು ಎತ್ತಲು ಹೇಳಿದೆ. ಬಲಗಾಲು "ಕಲ್ಲು ಕಟ್ಟಿದಂತೆ" ಇದೆ ಎಂದರು. ನನ್ನ ಎರಡು ಅಂಗೈಗಳಿಂದ ಅವರ ಸೊಂಟವನ್ನು ಎರಡೂ ಕಡೆಯಿಂದ ಅವುಕಿ ಹಿಡಿದು ಮತ್ತೆ ಎತ್ತಿಸಿದಾಗ ಕಾಲು ಸಲೀಸಾಗಿ ಎದ್ದಿತು. ಹೊರಗಿನಿಂದ ಅವುಕಿದರೆ ಹಗುರವಾಗುತ್ತದೆ ಎಂದರೆ ಸೊಂಟದ ಪಟ್ಟಿಯಿಂದ ಪ್ರಯೋಜನವಾಗುವ ಸಂಭವವಿದೆ ಎಂದು ಅರ್ಥ. ಎಲ್ಲ ಬೆನ್ನುನೋವಿಗೂ ಪಟ್ಟಿ ಕೊಡುವ ರೂಢಿ ನನಗೆ ಒಪ್ಪಿಗೆಯಿಲ್ಲ, ಈ ಪರೀಕ್ಷೆ ಹೀಗೆ ಬಂದರೆ ಮಾತ್ರ ಕೊಡುತ್ತೇನೆ.

ಎಡ ಸೊಂಟದ ಹೊರಬದಿಯಲ್ಲಿ ಮೂಳೆ ಉಬ್ಬಿರುವ ಜಾಗ ಮುಟ್ಟಿದರೆ ನೋಯುತ್ತಿತ್ತು. ಚಾಪೆಯ ಗೆರೆಗಳ ಗುರುತು ಮಧ್ಯಾಹ್ನವಾದರೂ ಚರ್ಮದ ಮೇಲೆ ಉಳಿದಿತ್ತು. ಬೆಳಗ್ಗೆ ಎಡಗೈ ಜೋಮು ಹಿಡಿಯುತ್ತದೆ ಎಂದೂ ಹೇಳಿದರು. ಇವು ಬಸುರಿನಿಂದ ಬಂದವಲ್ಲ. ಗಟ್ಟಿ ನೆಲದ ಮೇಲೆ ಒಂದೇ ಮಗ್ಗುಲಿಗೆ ಏಳೆಂಟು ಗಂಟೆ ಬಿದ್ದುಕೊಂಡರೆ ಯಾರಿಗಾದರೂ ಬರುವಂಥವು.

ಬೆನ್ನುನೋವಿನ ನೆಪದಲ್ಲಿ ಬೇರೇನಾದರೂ ಅಡಗಿದೆಯೇ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕಿತ್ತು. ನೋವು ಅಲೆಯಂತೆ ಬಂದು ಹೋಗುತ್ತದೆಯೇ, ಆಗ ಹೊಟ್ಟೆ ಗಟ್ಟಿಯಾಗುತ್ತದೆಯೇ? ಹಾಗಿದ್ದರೆ ಅವಧಿಗೆ ಮುಂಚಿನ ಹೆರಿಗೆ ನೋವಿರಬಹುದು. ಜ್ವರ, ಚಳಿ, ಮೂತ್ರದಲ್ಲಿ ಉರಿ, ಪಕ್ಕೆಯಲ್ಲಿ ನೋವು ಇದ್ದರೆ ಮೂತ್ರಪಿಂಡದ ಸೋಂಕಿರಬಹುದು. ಕಾಲಿನಲ್ಲಿ ಬಲ ಕಡಿಮೆಯಾಗುವುದು, ತೊಡೆಯ ಸಂದಿಯಲ್ಲಿ ಸ್ಪರ್ಶ ತಿಳಿಯದಿರುವುದು, ಮೂತ್ರ ಕಟ್ಟಿಕೊಳ್ಳುವುದು ನರಗಳು ಒತ್ತಿಹೋದ ಲಕ್ಷಣ. ರಕ್ತ ಅಥವಾ ನೀರು ಹೋದರಂತೂ ಕೇಳುವುದೇ ಬೇಡ. ಇವುಗಳಲ್ಲಿ ಯಾವುದಿದ್ದರೂ ನನ್ನ ಕೊಠಡಿಯಲ್ಲಿ ಒಂದು ನಿಮಿಷವೂ ಕಳೆಯದೆ ಹೆರಿಗೆ ಆಸ್ಪತ್ರೆಗೆ ಹೋಗಬೇಕು. ಇವರಿಗೆ ಇವೊಂದೂ ಇರಲಿಲ್ಲ. ಮಗುವಿನ ಚಲನೆ ಚೆನ್ನಾಗಿತ್ತು, ರಕ್ತದೊತ್ತಡ ಸರಿಯಾಗಿತ್ತು.

ಹೊರಡುವ ಮುನ್ನ ಅವರ ಚೀಲದಲ್ಲಿ ಒಂದು ಮುಲಾಮಿನ ಟ್ಯೂಬ್ ಕಂಡಿತು. ಗಂಡ ಔಷಧಿ ಅಂಗಡಿಯಲ್ಲಿ "ಬೆನ್ನುನೋವಿಗೆ" ಎಂದು ಕೇಳಿ ತಂದದ್ದು. ಅದರಲ್ಲಿದ್ದದ್ದು ಡೈಕ್ಲೋಫೆನಾಕ್. ಆ ಜಾತಿಯ ನೋವುನಿವಾರಕಗಳು ಕೊನೆಯ ಮೂರು ತಿಂಗಳಲ್ಲಿ ಬೇಡ. ಹೊಟ್ಟೆಯೊಳಗಿನ ಮಗುವಿನ ಹೃದಯದ ಬಳಿ ಹೆರಿಗೆಯಾಗುವವರೆಗೂ ತೆರೆದಿರಬೇಕಾದ ಒಂದು ರಕ್ತನಾಳವನ್ನು ಅವು ಮುಂಚೆಯೇ ಮುಚ್ಚಿಸಬಲ್ಲವು, ಗರ್ಭಜಲವನ್ನೂ ಕಡಿಮೆ ಮಾಡಬಲ್ಲವು. ಹಚ್ಚುವ ರೂಪದಲ್ಲಿ ಮೈಗೆ ಇಳಿಯುವುದು ಸ್ವಲ್ಪವೇ ಆದರೂ ಬೇಡವೆಂದು ಟ್ಯೂಬನ್ನು ತೆಗೆದಿರಿಸಿದೆ. ತೀರಾ ತಡೆಯದಾದಾಗ ವೈದ್ಯರನ್ನು ಕೇಳಿ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು.

ಮಗ್ಗುಲಿನ ಮಾತು

28 ವಾರ ತುಂಬಿದ ಮೇಲೆ ಅಂಗಾತ ಮಲಗಿ ನಿದ್ದೆಹೋಗಬಾರದು ಎಂಬುದಕ್ಕೆ ಗಟ್ಟಿಯಾದ ಕಾರಣವಿದೆ. ಕಾಲು ಮತ್ತು ಸೊಂಟದಿಂದ ಹೃದಯಕ್ಕೆ ರಕ್ತ ಮರಳಿಸುವ ದೊಡ್ಡ ಸಿರೆ ಬೆನ್ನುಮೂಳೆಯ ಮುಂದೆ, ಸ್ವಲ್ಪ ಬಲಕ್ಕೆ ಹಾದುಹೋಗುತ್ತದೆ. ಅಂಗಾತ ಮಲಗಿದಾಗ ತುಂಬಿದ ಗರ್ಭಕೋಶ ಅದರ ಮೇಲೆ ಕುಳಿತುಕೊಳ್ಳುತ್ತದೆ. ಆಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ, ಮಾಸುವಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಬ್ರಿಟನ್ ಮತ್ತು ಅಮೆರಿಕದ ಅಧ್ಯಯನಗಳ ಮಾಹಿತಿಯನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಕೊನೆಯ ತಿಂಗಳುಗಳಲ್ಲಿ ಅಂಗಾತ ನಿದ್ದೆಹೋದವರಲ್ಲಿ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಸಂಭವ ಎಡಮಗ್ಗುಲಿಗೆ ಮಲಗಿದವರಿಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚು ಕಂಡಿತು. ಮೂಲದಲ್ಲಿ ಆ ಅಪಾಯ ಚಿಕ್ಕದು. ಆದರೂ ಮಗ್ಗುಲಿಗೆ ತಿರುಗುವಂಥ ಸುಲಭದ ಕೆಲಸದಿಂದ ತಪ್ಪಿಸಬಹುದಾದದ್ದನ್ನು ತಪ್ಪಿಸಲೇಬೇಕು.

ಆದರೆ ಅದೇ ವಿಶ್ಲೇಷಣೆಯಲ್ಲಿ ಬಲಮಗ್ಗುಲಿಗೂ ಎಡಮಗ್ಗುಲಿಗೂ ವ್ಯತ್ಯಾಸ ಕಾಣಲಿಲ್ಲ. ಈ ಎರಡನೆಯ ಮಾತು ನಮ್ಮ ಊರಿಗೆ ತಲುಪಲೇ ಇಲ್ಲ. "ಎಡಕ್ಕೆ ಒಳ್ಳೆಯದು" ಎಂಬುದು "ಎಡಕ್ಕೆ ಮಾತ್ರ" ಎಂದಾಯಿತು, "ಬಲಕ್ಕೆ ಮಲಗಿದರೆ ಅಪಾಯ" ಎಂದೂ ಆಯಿತು. ನಾನು ಈ ತಾಯಿಗೆ ಹೇಳಿದ್ದು ಇಷ್ಟು: ನಿದ್ದೆ ಹತ್ತುವಾಗ ಯಾವುದಾದರೂ ಒಂದು ಮಗ್ಗುಲಿಗೆ ಇರಿ. ಎಚ್ಚರವಾದಾಗ ಅಂಗಾತ ಇದ್ದೀರಿ ಎಂದು ತಿಳಿದರೆ ಹೆದರಬೇಡಿ, ತಿರುಗಿಕೊಂಡು ಮತ್ತೆ ಮಲಗಿ. ನಿದ್ದೆ ಹತ್ತುವಾಗಿನ ಭಂಗಿಯಲ್ಲೇ ನಾವು ಹೆಚ್ಚು ಹೊತ್ತು ಇರುತ್ತೇವೆ, ಆದ್ದರಿಂದ ಕಾಳಜಿ ವಹಿಸಬೇಕಾದದ್ದು ಅಲ್ಲಿ.

ಬಳ್ಳಿ ಸುತ್ತಿಕೊಳ್ಳುವ ಮಾತನ್ನು ಸೊಸೆಗೆ ಹೇಳಿ ಪ್ರಯೋಜನವಿರಲಿಲ್ಲ. ಎರಡು ದಿನ ಬಿಟ್ಟು ಅತ್ತೆಯನ್ನೂ ಕರೆದುಕೊಂಡು ಬರಲು ಹೇಳಿದೆ. ಅವರು ಬಂದರು, ಕೈಯಲ್ಲಿ ಒಂದು ತುಂಡು ಮಲ್ಲಿಗೆ ಹಿಡಿದುಕೊಂಡು. ಹೊಕ್ಕುಳಬಳ್ಳಿಯ ಒಂದು ತುದಿ ಮಗುವಿನಲ್ಲಿ, ಇನ್ನೊಂದು ತುದಿ ಮಾಸುವಿನಲ್ಲಿ, ಮಾಸು ಗರ್ಭಕೋಶದ ಗೋಡೆಗೆ ಅಂಟಿಕೊಂಡಿದೆ ಎಂದು ಚಿತ್ರ ಬರೆದು ತೋರಿಸಿದೆ. ತಾಯಿ ಹೊರಳಿದರೆ ಗೋಡೆ, ಮಾಸು, ಬಳ್ಳಿ, ಮಗು ಎಲ್ಲವೂ ಒಟ್ಟಿಗೇ ಹೊರಳುತ್ತವೆ. ಬಳ್ಳಿ ಸುತ್ತಿಕೊಳ್ಳುವುದು ಮಗು ತಾನೇ ಒಳಗೆ ಲಾಗ ಹಾಕುವುದರಿಂದ. ನಾಲ್ಕೈದು ಹೆರಿಗೆಗಳಲ್ಲಿ ಒಂದರಲ್ಲಿ ಕುತ್ತಿಗೆಗೆ ಸುತ್ತು ಇದ್ದೇ ಇರುತ್ತದೆ, ಬಹುಪಾಲು ಮಕ್ಕಳಿಗೆ ಅದರಿಂದ ಏನೂ ಆಗುವುದಿಲ್ಲ.

ಹಿರಿಯರು ಚಿತ್ರವನ್ನು ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾವು ಮೂರು ಹೆತ್ತದ್ದು ಹಾಗೆಯೇ ಎದ್ದು ಕುಳಿತು," ಎಂದರು. ಆಮೇಲೆ, "ಇವಳಿಗೆ ನೋವಾಗುವುದಾದರೆ ಬೇಡ, ನೀವು ಹೇಳಿದಂತೆ ಮಾಡಲಿ. ಬೂರುಗದ ಹತ್ತಿಯ ದಿಂಬು ನಾಲ್ಕು ಅಟ್ಟದ ಮೇಲಿವೆ, ಬಿಸಿಲಿಗೆ ಹಾಕಿ ಕೊಡುತ್ತೇನೆ," ಎಂದರು. ಆ ಹಳೆಯ ಪದ್ಧತಿಯಲ್ಲೂ ಒಂದು ಹುರುಳಿದೆ ಎಂದು ನನಗೆ ಅನಿಸುತ್ತದೆ. ಬಸುರಿ ಗಡಿಬಿಡಿಯಲ್ಲಿ ಸೊಂಟ ತಿರುಚಿ ಹೊರಳದಂತೆ ಅದು ತಡೆಯುತ್ತದೆ. ಆದರೆ ಕೀಲು ನೋಯುತ್ತಿರುವವರಿಗೆ ನೆಲದಿಂದ ಒಂದು ಕಾಲೂರಿ ಏಳುವುದೇ ಎಲ್ಲಕ್ಕಿಂತ ಕಷ್ಟದ ಚಲನೆ, ಅದನ್ನು ರಾತ್ರಿಗೆ ಏಳು ಸಲ ಮಾಡಿಸಬಾರದು.

ಹಾಸಿಗೆಯನ್ನು ಸಿದ್ಧಪಡಿಸಿದ್ದು

ಮಂಚವನ್ನು ಒಳಕೋಣೆಯಿಂದ ಚಾವಡಿಯ ಕಿಟಕಿಯ ಬಳಿಗೆ ತಂದರು. ಮಂಚದ ಅಂಚಿನಲ್ಲಿ ಕುಳಿತಾಗ ಪಾದ ನೆಲಕ್ಕೆ ಪೂರ್ತಿ ತಾಗಬೇಕು ಎಂಬುದೊಂದೇ ಎತ್ತರದ ನಿಯಮ. ಹತ್ತಿಯ ಹಾಸಿಗೆ ನಡುವೆ ತಗ್ಗಾಗಿದ್ದರಿಂದ ಅದನ್ನು ತಿರುಗಿಸಿ, ಮೇಲೆ ಒಂದು ಕೌದಿ ಹಾಸಿದರು.

ದಿಂಬುಗಳ ವಿಷಯದಲ್ಲಿ ಹೆಚ್ಚಿನವರು ಮಾಡುವ ತಪ್ಪನ್ನು ಇವರೂ ಮಾಡಿದ್ದರು. ಮೊಣಕಾಲುಗಳ ನಡುವೆ ಮಾತ್ರ ದಿಂಬಿಟ್ಟರೆ ಮೇಲಿನ ಪಾದ ಕೆಳಗೆ ಜೋತುಬೀಳುತ್ತದೆ, ತೊಡೆ ಒಳಕ್ಕೆ ತಿರುಗುತ್ತದೆ, ಸೊಂಟದ ಹಿಂದಿನ ಕೀಲು ರಾತ್ರಿಯಿಡೀ ತಿರುಚಿಕೊಂಡೇ ಇರುತ್ತದೆ. ದಿಂಬು ಮೊಣಕಾಲಿನಿಂದ ಪಾದದ ಗಂಟಿನವರೆಗೆ ಇರಬೇಕು, ಮೇಲಿನ ಕಾಲು ಉದ್ದಕ್ಕೂ ಒಂದೇ ಮಟ್ಟದಲ್ಲಿರಬೇಕು. ಬೂರುಗದ ಹತ್ತಿ ಮೆತ್ತಗೆ, ನಡುರಾತ್ರಿಯ ಹೊತ್ತಿಗೆ ಚಪ್ಪಟೆಯಾಗುತ್ತದೆ. ಆದ್ದರಿಂದ ಎರಡು ದಿಂಬನ್ನು ಒಂದರ ಮೇಲೊಂದಿಟ್ಟು ಹಳೆಯ ಸೀರೆಯ ಪಟ್ಟಿಯಿಂದ ಸುತ್ತಿ ಕಟ್ಟಿಸಿದೆ. ಬೆನ್ನ ಹಿಂದೆ ಬಿಗಿಯಾಗಿ ಸುತ್ತಿದ ಒಂದು ಹೊದಿಕೆ, ಅದರ ಅಂಚು ಸೊಂಟದ ಅಡಿಗೆ ಸ್ವಲ್ಪ ಸೇರುವಂತೆ. ನಿದ್ದೆಯಲ್ಲಿ ಹಿಂದಕ್ಕೆ ಜಾರಿದರೂ ಪೂರ್ತಿ ಅಂಗಾತವಾಗದೆ ಓರೆಯಾಗಿ ನಿಲ್ಲುತ್ತಾರೆ. ತಲೆಯ ದಿಂಬು ಕಿವಿಗೂ ಭುಜಕ್ಕೂ ನಡುವಿನ ಜಾಗ ತುಂಬುವಷ್ಟು ಎತ್ತರವಿದ್ದರೆ ಸಾಕು. ಹೊಟ್ಟೆಯ ಕೆಳಗೆ ಮಡಚಿದ ಬೈರಾಸು ಇಡಿಸಿದ್ದೆ, ಸೆಕೆಗೆ ತಡೆಯಲಾಗಲಿಲ್ಲವೆಂದು ಮೂರನೆಯ ರಾತ್ರಿ ಅವರೇ ತೆಗೆದುಹಾಕಿದರು. ಹೊಟ್ಟೆ ಜಗ್ಗಿದಂತೆ ಆಗದಿದ್ದರೆ ಅದು ಬೇಕೆಂದೇನಿಲ್ಲ. ಏಪ್ರಿಲಿನ ಕರಾವಳಿಯಲ್ಲಿ ಸುತ್ತಲೂ ದಿಂಬು ಇಟ್ಟುಕೊಂಡು ಮಲಗುವುದು ಚಿತ್ರದಲ್ಲಿ ಚೆಂದ. ಬೆವರಿನಲ್ಲಿ ಅದು ನಡೆಯುವುದಿಲ್ಲ.

ಹೊರಳುವ ಕ್ರಮವನ್ನು ನನ್ನ ಮೇಜಿನ ಮೇಲೆ ಹತ್ತು ಸಲ ಮಾಡಿಸಿದೆ. ಎರಡೂ ಮೊಣಕಾಲು ಮಡಚಿ, ನಡುವಿನ ದಿಂಬನ್ನು ಹಗುರವಾಗಿ ಒತ್ತಿ ಹಿಡಿಯುವುದು. ಉಸಿರು ಬಿಡುತ್ತ, ಮೂತ್ರ ತಡೆಹಿಡಿದಂತೆ ಕೆಳಗಿನ ಸ್ನಾಯುಗಳನ್ನು ಮೇಲಕ್ಕೆಳೆದು, ಭುಜ, ಸೊಂಟ, ಮೊಣಕಾಲು ಮೂರನ್ನೂ ಒಟ್ಟಿಗೆ ತಿರುಗಿಸುವುದು. ಕ್ಷಣಹೊತ್ತು ಬೆನ್ನಿನ ಮೇಲೆ ಹಾದುಹೋಗುವುದರಿಂದ ತೊಂದರೆಯಿಲ್ಲ. ಒಂದು ಕಾಲು ಮೊದಲು, ಇನ್ನೊಂದು ಆಮೇಲೆ ಹೋದರೆ ಕೀಲಿನಲ್ಲಿ ಕತ್ತರಿ ಆಡಿಸಿದಂತಾಗುತ್ತದೆ. ಕೌದಿಯ ಒರಟು ಬಟ್ಟೆಗೆ ಸೊಂಟ ಅಂಟಿಕೊಂಡು ತಿರುಗುವುದು ಕಷ್ಟವಾಗುತ್ತಿತ್ತು. ಹಾಗಾಗಿ ಸೊಂಟದ ಅಡಿಗೆ ಮಾತ್ರ ನುಣುಪಾದ ಹಳೆಯ ಪಾಲಿಯೆಸ್ಟರ್ ಸೀರೆಯ ತುಂಡು ಹಾಸಲು ಹೇಳಿದೆ. ಇಡೀ ಚಿಕಿತ್ಸೆಯಲ್ಲಿ ಅವರಿಗೆ ಅತಿ ಹೆಚ್ಚು ಮೆಚ್ಚಿಗೆಯಾದದ್ದು ಈ ತುಂಡು.

ಹಗಲಿನ ಕೆಲಸ ಬಿಡಿ ಎಂದು ನಾನು ಹೇಳಲಿಲ್ಲ, ಹೇಳಿದರೆ ನಡೆಯುತ್ತಲೂ ಇರಲಿಲ್ಲ. ಮಣೆಯ ಮೇಲೆ ಎರಡೂ ಕಾಲನ್ನು ಎಡಕ್ಕೆ ಮಡಚಿ ಕೂರುವುದರಿಂದ ಬಲ ಕೀಲಿಗೆ ಓರೆ ಭಾರ ಬೀಳುತ್ತಿತ್ತು. ಕುರ್ಚಿ ಮತ್ತು ಮೇಜು, ಪಾದದ ಕೆಳಗೆ ಅದೇ ಮಣೆ. ಅರ್ಧ ಗಂಟೆಗೊಮ್ಮೆ ಏಳಿ ಎಂದರೆ ಗಡಿಯಾರ ನೋಡುವವರಾರು? ಅವರ ಕೈವೇಗಕ್ಕೆ ಅರ್ಧ ಗಂಟೆ ಎಂದರೆ ಅರ್ಧ ಚೆಂಡು. ಅರ್ಧ ಚೆಂಡಾದಾಗ ಎದ್ದು ಅಂಗಳಕ್ಕೆ ಹೋಗಿ ಬರುವುದು ಎಂದು ಗೊತ್ತುಮಾಡಿಕೊಂಡೆವು. ನಾಲ್ಕು ವರ್ಷದ ಮೊದಲ ಮಗುವನ್ನು ಒಂದೇ ಸೊಂಟದ ಮೇಲೆ ಎತ್ತಿಕೊಳ್ಳುವುದನ್ನು ಬಿಡಿಸಿದೆ. ಪಟ್ಟಿಯನ್ನು ಹೊಟ್ಟೆಯ ಮೇಲಲ್ಲ, ಸೊಂಟದ ಉಬ್ಬುಮೂಳೆಗಳ ಮಟ್ಟದಲ್ಲಿ ತಗ್ಗಾಗಿ ಕಟ್ಟಿ, ಹಗಲು ಓಡಾಡುವಾಗ ಮಾತ್ರ ಹಾಕಿಕೊಳ್ಳಲು ಹೇಳಿದೆ.

ರಾತ್ರಿ ಒಂಬತ್ತರ ಕಾಲು, ರಾತ್ರಿ ಮೂರರ ಕಾಲು

ಕಾಲುನೋವಿನ ಬಗ್ಗೆ ಕೇಳುತ್ತ ಹೋದಾಗ ಅವರು ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದಾರೆ ಎಂದು ಗೊತ್ತಾಯಿತು. ರಾತ್ರಿ ಒಂಬತ್ತಕ್ಕೆ ಕಾಲು ಚಾಚಿ ಕುಳಿತರೆ ಎರಡೂ ಕಾಲುಗಳ ಒಳಗೆ ಇರುವೆ ಹರಿದಂತೆ, ಕಾಲಾಡಿಸದೆ ಇರಲಾಗದಂತೆ ಆಗುವುದು. ಎದ್ದು ನಡೆದರೆ ಮಾಯ, ಕುಳಿತರೆ ಮತ್ತೆ ಶುರು. ಇದು ಸ್ನಾಯು ಸೆಳೆತವಲ್ಲ, ಚಡಪಡಿಸುವ ಕಾಲು. ಮೂರು ಗಂಟೆಗೆ ಬರುವುದು ಬೇರೆ. ನಿದ್ದೆಯಲ್ಲಿ ಮೈಮುರಿಯುತ್ತಿದ್ದಂತೆ ಮೀನಖಂಡ ಕಲ್ಲಾಗಿ ಉಂಡೆಕಟ್ಟುವುದು, ಕೈಯಿಂದ ಮುಟ್ಟಿದರೆ ಗಡ್ಡೆ ಸಿಗುವುದು, ಒಂದೆರಡು ನಿಮಿಷದಲ್ಲಿ ಬಿಡುವುದು. ಇದು ನಿಜವಾದ ಸೆಳೆತ.

ಚಡಪಡಿಕೆಗೆ ಹಲವು ಬಾರಿ ಕಬ್ಬಿಣದಂಶದ ಕೊರತೆಯ ನಂಟಿರುತ್ತದೆ. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 9.8 ಎಂದು ಬರೆದಿತ್ತು, ಬಸುರಿನಲ್ಲಿ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದರೆ, ದಿನವೂ ತಪ್ಪದೆ. ಹೇಗೆ? ಸಂಜೆಯ ಚಹಾದೊಂದಿಗೆ, ಕ್ಯಾಲ್ಸಿಯಂ ಮಾತ್ರೆಯ ಜೊತೆಗೆ. ಚಹಾವೂ ಕ್ಯಾಲ್ಸಿಯಮ್ಮೂ ಕಬ್ಬಿಣ ಮೈಗೆ ಸೇರದಂತೆ ತಡೆಯುತ್ತವೆ. ಕ್ಯಾಲ್ಸಿಯಮ್ಮನ್ನು ಬೆಳಗ್ಗಿನ ಮತ್ತು ಮಧ್ಯಾಹ್ನದ ಊಟದ ಜೊತೆಗೆ, ಕಬ್ಬಿಣವನ್ನು ರಾತ್ರಿ ಮಲಗುವ ಮುನ್ನ ಲಿಂಬೆ ಪಾನಕದೊಂದಿಗೆ ಎಂದು ಬೇರ್ಪಡಿಸಿ, ರಕ್ತಪರೀಕ್ಷೆಗಾಗಿ ಅವರ ಹೆರಿಗೆ ವೈದ್ಯರಿಗೆ ಚೀಟಿ ಬರೆದೆ. ವೈದ್ಯರು ಕಬ್ಬಿಣದ ಮಾತ್ರೆಯನ್ನು ದಿನಕ್ಕೆ ಎರಡಕ್ಕೆ ಏರಿಸಿದರು.

ಸೆಳೆತ ಬಂದ ಕ್ಷಣದಲ್ಲಿ ಮಾಡಬೇಕಾದದ್ದು ಒಂದೇ. ಮೊಣಕಾಲನ್ನು ನೇರ ಮಾಡಿ ಕಾಲ್ಬೆರಳುಗಳನ್ನು ಮುಖದ ಕಡೆಗೆ ಎಳೆದು, ಬಿಡುವವರೆಗೆ ಹಿಡಿಯುವುದು. ಹೊಟ್ಟೆ ಅಡ್ಡ ಬಂದು ಕೈ ಪಾದಕ್ಕೆ ಎಟುಕದವರು ಬೈರಾಸನ್ನು ಅಂಗಾಲಿಗೆ ಸುತ್ತಿ ಎರಡು ತುದಿ ಎಳೆಯಬಹುದು, ಇಲ್ಲವೇ ಎದ್ದು ನಿಂತು ಹಿಮ್ಮಡಿಯನ್ನು ನೆಲಕ್ಕೆ ಒತ್ತಬಹುದು. ಇವರ ಮನೆಯಲ್ಲಿ ಗಂಡ ಎಚ್ಚೆತ್ತು ಗಾಬರಿಯಿಂದ ಪಾದವನ್ನು ಕೆಳಕ್ಕೆ ಎಳೆಯುತ್ತಿದ್ದರು. ಅದರಿಂದ ಮೀನಖಂಡ ಇನ್ನಷ್ಟು ಮೊಟಕಾಗಿ ಸೆಳೆತ ಹೆಚ್ಚುತ್ತಿತ್ತು. ಮಲಗುವ ಮುನ್ನ ಗೋಡೆಗೆ ಅಂಗೈ ಊರಿ, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ಎತ್ತದೆ ಮುಂದಕ್ಕೆ ವಾಲಿ 30 ಸೆಕೆಂಡು ನಿಲ್ಲುವುದು, ಪ್ರತಿ ಕಾಲಿಗೆ ಮೂರು ಸಲ. ಮೈಮುರಿಯುವಾಗ ಬೆರಳು ಚೂಪು ಮಾಡದೆ ಹಿಮ್ಮಡಿಯನ್ನು ಮುಂದೆ ತಳ್ಳುವುದು. ರಾತ್ರಿ ಏಳಬೇಕಾಗುತ್ತದೆಂದು ಸಂಜೆಯಿಂದ ನೀರು ಬಿಟ್ಟಿದ್ದರು, ಕುಡಿಯುವುದನ್ನು ಹಗಲಿಗೆ ಹೊಂದಿಸಿದೆವು.

ಗಂಡ ಮೆಗ್ನೀಸಿಯಂ ಮಾತ್ರೆಯ ಬಗ್ಗೆ ಕೇಳಿದರು. ಬಸುರಿಯರ ಸೆಳೆತಕ್ಕೆ ಅದನ್ನು ಕೊಟ್ಟು ನೋಡಿದ ಪ್ರಯೋಗಗಳ ಫಲ ಒಂದೇ ರೀತಿ ಬಂದಿಲ್ಲ, ಕೆಲವದರಲ್ಲಿ ಗುಣ, ಕೆಲವದರಲ್ಲಿ ಏನೂ ಇಲ್ಲ. ವೈದ್ಯರು ಬರೆದುಕೊಟ್ಟರೆ ತೆಗೆದುಕೊಳ್ಳಿ, ಅಂಗಡಿಯಿಂದ ನೇರವಾಗಿ ಬೇಡ ಎಂದೆ.

34ನೆಯ ವಾರದ ಬೆಳಗ್ಗೆ

ಹೂವಿನ ಲೆಕ್ಕದ ಪುಸ್ತಕದಲ್ಲಿ ಎಡ ಪುಟಕ್ಕೆ ಅಟ್ಟೆಯ ದರ, ಬಲ ಪುಟಕ್ಕೆ ರಾತ್ರಿಯ ಲೆಕ್ಕ ಬರೆಯಲು ಹೇಳಿದ್ದೆ. ಎಷ್ಟು ಸಲ ಎಚ್ಚರ, ಸೆಳೆತ ಬಂತೇ, ಹೊರಳುವಾಗ ನೋವು ಹತ್ತರಲ್ಲಿ ಎಷ್ಟು. ಮೊದಲ ಪುಟದಲ್ಲಿ ನೋವು 7. 33ನೆಯ ವಾರದ ಭೇಟಿಯಲ್ಲಿ 4. ಸೆಳೆತ ವಾರಕ್ಕೆ ಎರಡಕ್ಕೆ ಇಳಿದಿತ್ತು. ಎಡ ಸೊಂಟದ ನೋವು ಮೊದಲ ವಾರದಲ್ಲೇ ಹೋಗಿತ್ತು, ಅದಕ್ಕೆ ಔಷಧಿ ಬಲಮಗ್ಗುಲು ಮಾತ್ರ.

34ನೆಯ ವಾರದಲ್ಲಿ ಒಂದು ದಿನ ಬೆಳಗ್ಗೆ ಗಂಡ ಫೋನ್ ಮಾಡಿದರು. ರಾತ್ರಿ ಸೆಳೆತ ಬಂದು ಬಿಟ್ಟಿದೆ, ಆದರೆ ಎಡ ಮೀನಖಂಡ ಇನ್ನೂ ನೋಯುತ್ತಿದೆ, ಅಮ್ಮ ಎಣ್ಣೆ ಬಿಸಿಮಾಡುತ್ತಿದ್ದಾರೆ ಎಂದರು. ತಿಕ್ಕಬೇಡಿ, ಮೊದಲು ಕಾಲು ನೋಡಬೇಕು ಎಂದು ಕೂಡಲೇ ಕರೆಸಿದೆ. ಬಸುರಿನಲ್ಲಿ ರಕ್ತ ಸುಲಭವಾಗಿ ಹೆಪ್ಪುಗಟ್ಟುತ್ತದೆ, ಕಾಲಿನ ಆಳದ ಸಿರೆಯಲ್ಲಿ ಹೆಪ್ಪು ಕೂರುವುದು ಎಡಗಾಲಿನಲ್ಲೇ ಹೆಚ್ಚು. ಅದನ್ನು ತಿಕ್ಕಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಸೆಳೆತ ಬಂದು ಹೋದ ಮೇಲೆ ಸ್ನಾಯು ಒಂದೆರಡು ದಿನ ನೋಯುವುದು ಸಹಜವೇ. ಆದರೆ ಒಂದೇ ಕಾಲು ಊದಿದರೆ, ಬಿಸಿಯಾದರೆ, ಕೆಂಪಾದರೆ, ಚಾಚಿದರೂ ನೋವು ಬಿಡದಿದ್ದರೆ ಅದನ್ನು ಸಹಜವೆನ್ನುವಂತಿಲ್ಲ. ಜೊತೆಗೆ ಉಸಿರು ಕಟ್ಟಿದರೆ, ಎದೆ ನೋಯ್ದರೆ ಆಂಬುಲೆನ್ಸ್ ಕರೆಯಬೇಕು.

ಎರಡೂ ಮೀನಖಂಡಗಳ ಸುತ್ತಳತೆಯನ್ನು ಮೊಣಕಾಲಿನ ಕೆಳಗಿನ ಉಬ್ಬಿನಿಂದ 10 ಸೆಂಟಿಮೀಟರ್ ಕೆಳಗೆ ಟೇಪಿನಿಂದ ಅಳೆದೆ. ಬಲ 34, ಎಡ 35. ಎರಡು ಸೆಂಟಿಮೀಟರಿನಷ್ಟು ವ್ಯತ್ಯಾಸವಿದ್ದರೆ ಅನುಮಾನ ಬಲವಾಗುತ್ತದೆ. ಇಲ್ಲಿ ಒಂದೇ ಇತ್ತು, ಬಿಸಿಯಿರಲಿಲ್ಲ, ಬಣ್ಣ ಬದಲಾಗಿರಲಿಲ್ಲ. ಆದರೂ ಟೇಪನ್ನು ನಂಬಿ ಮನೆಗೆ ಕಳುಹಿಸುವ ಧೈರ್ಯ ನನಗಿಲ್ಲ, ಬಸುರಿಯ ಕಾಲಿನ ವಿಷಯದಲ್ಲಿ ಅದು ಇರಲೂಬಾರದು. ಅಂದೇ ಆಸ್ಪತ್ರೆಯಲ್ಲಿ ಡಾಪ್ಲರ್ ಸ್ಕ್ಯಾನ್ ಆಯಿತು. ಸಿರೆಗಳು ಸ್ವಚ್ಛವಾಗಿದ್ದವು. ಮರುದಿನ ಸಂಜೆಗೆ ನೋವೂ ಹೋಯಿತು.

36 ವಾರ ಮತ್ತು ಆಮೇಲೆ

36ನೆಯ ವಾರದಲ್ಲಿ ಪುಸ್ತಕದ ಬಲ ಪುಟ ಹೀಗಿತ್ತು: ಎಚ್ಚರ ಮೂರು ಸಲ, ಮೂರೂ ಮೂತ್ರಕ್ಕೆ. ಹೊರಳುವಾಗ ನೋವು 3, ಹೂ ಹೆಚ್ಚು ಬಂದ ದಿನ 5. ಸೆಳೆತ ವಾರಕ್ಕೆ ಒಂದು, ಕೆಲವು ವಾರ ಎರಡು. ಒಂಬತ್ತು ಗಂಟೆಯ ಚಡಪಡಿಕೆ ಕಡಿಮೆಯಾಗಿತ್ತು, ಹೋಗಿರಲಿಲ್ಲ. ಹಿಮೋಗ್ಲೋಬಿನ್ 10.6ಕ್ಕೆ ಏರಿತ್ತು. ಸೆಳೆತ ಇಳಿದದ್ದರಲ್ಲಿ ಗೋಡೆಯ ಚಾಚುವಿಕೆಗೆ ಎಷ್ಟು ಪಾಲು, ನೀರಿಗೆ ಎಷ್ಟು, ತಾನಾಗಿ ಎಷ್ಟು ಎಂದು ಬೇರ್ಪಡಿಸಿ ತೋರಿಸಲು ಒಬ್ಬರ ಪ್ರಕರಣ ಸಾಲದು. ಹೊರಳುವ ನೋವು ಇಳಿದದ್ದು ಮಾತ್ರ ಏಳು ಸಲ ನೆಲದಿಂದ ಏಳುವುದು ನಿಂತದ್ದರಿಂದ ಎಂದು ನಾನು ನಂಬಿದ್ದೇನೆ. ನಡುವೆ ಒಮ್ಮೆ ನೆಂಟರ ಮನೆಯಲ್ಲಿ ಎರಡು ರಾತ್ರಿ ಚಾಪೆಯ ಮೇಲೆ ಮಲಗಿದಾಗ ಪುಟದಲ್ಲಿ ಮತ್ತೆ 6 ಬಂದಿತ್ತು.

ಹೆರಿಗೆಗೆ ಮುಂಚಿನ ಕೊನೆಯ ಭೇಟಿಯಲ್ಲಿ ಒಂದು ಅಳತೆ ತೆಗೆದೆ. ಒರಗಿ ಕುಳಿತು, ನೋವು ಶುರುವಾಗುವವರೆಗೆ ಮೊಣಕಾಲುಗಳನ್ನು ಅಗಲಿಸಿದಾಗ ನಡುವಿನ ಅಂತರ 40 ಸೆಂಟಿಮೀಟರ್. ಹೆರಿಗೆಯ ಹೊತ್ತಿನಲ್ಲಿ, ಅದರಲ್ಲೂ ಬೆನ್ನಿಗೆ ಅರಿವಳಿಕೆ ಕೊಟ್ಟಿದ್ದರೆ, ಕಾಲುಗಳನ್ನು ಅದಕ್ಕಿಂತ ಹೆಚ್ಚು ಅಗಲಿಸಿದ್ದು ತಾಯಿಗೆ ತಿಳಿಯುವುದಿಲ್ಲ, ಕೀಲು ಮಾತ್ರ ತಿಂಗಳುಗಟ್ಟಲೆ ನೋಯುತ್ತದೆ. ಆ ಅಂಕಿಯನ್ನು, ಮಗ್ಗುಲಿಗೆ ಮಲಗಿ ಅಥವಾ ಮಂಡಿಯೂರಿ ಹೆರುವುದು ಇವರಿಗೆ ಹಗುರ ಎಂಬ ಮಾತನ್ನು ಒಂದು ಚೀಟಿಯಲ್ಲಿ ಬರೆದು ತಾಯಿ ಕಾರ್ಡಿಗೆ ಅಂಟಿಸಿದೆ.

39ನೆಯ ವಾರದಲ್ಲಿ ಸಹಜ ಹೆರಿಗೆಯಾಯಿತು, ಹೆಣ್ಣು ಮಗು. ದಾದಿ ಚೀಟಿ ಓದಿ ಎಡಮಗ್ಗುಲಿಗೆ ಮಲಗಿಸಿಯೇ ಹೆರಿಗೆ ಮಾಡಿಸಿದರು. ಬಳ್ಳಿ ಕುತ್ತಿಗೆಗೆ ಒಂದು ಸುತ್ತು ಇತ್ತು, ಸಡಿಲವಾಗಿ, ದಾದಿ ಬೆರಳಿನಿಂದ ಜಾರಿಸಿ ತೆಗೆದರು ಎಂದು ಅತ್ತೆಯೇ ನನಗೆ ಫೋನಿನಲ್ಲಿ ಹೇಳಿದರು. ನಾನು ಏನನ್ನಲಿ ಎಂದು ಯೋಚಿಸುವಷ್ಟರಲ್ಲಿ ಅವರೇ, "ನೀವು ಹೇಳಿದ್ದಿರಲ್ಲ, ನಾಲ್ಕೈದರಲ್ಲಿ ಒಂದು ಎಂದು," ಎಂದರು. ಸೆಳೆತ ಮತ್ತು ಚಡಪಡಿಕೆ ಹೆರಿಗೆಯಾದ ವಾರದಲ್ಲೇ ನಿಂತವು. ಬಲಗಡೆಯ ಕುಳಿಯ ನೋವು ಆರು ವಾರದ ಭೇಟಿಯಲ್ಲೂ ಮೆಟ್ಟಿಲು ಹತ್ತುವಾಗ 2 ಇತ್ತು. ಪಟ್ಟಿ ಬಿಡಿಸಿ, ಸೊಂಟದ ಸ್ನಾಯುಗಳ ವ್ಯಾಯಾಮ ಶುರುಮಾಡಿದ್ದೇವೆ.